ವಾರದ ವರದಿ: ಕುಂಡದ ಗಿಡಗಳ ಇನ್‌ಸ್ಟಾಗ್ರಾಂ ಪುಟ, 2025 ಜೂನ್ 2ರಿಂದ 8

ಆಧಾರ: ಜೂನ್ 9, ಸೋಮವಾರ ಬೆಳಗ್ಗೆ 8ಕ್ಕೆ ತೆಗೆದ ಇನ್‌ಸೈಟ್ಸ್ ಸ್ಕ್ರೀನ್‌ಶಾಟ್‌ಗಳು. ಅವಧಿ Last 7 days. ಭಾನುವಾರದ ಪೋಸ್ಟಿನ ಲೈಕ್ ಸಂಖ್ಯೆ ನೋಟಿಫಿಕೇಶನ್ ಪಟ್ಟಿಯಡಿ ಮುಚ್ಚಿಹೋಗಿತ್ತು. ಅದೊಂದನ್ನು ಅದೇ ಹೊತ್ತಿಗೆ ಪೋಸ್ಟ್ ತೆರೆದು ನೋಡಿ ಬರೆದುಕೊಂಡಿದೆ.

ರೀಚ್

ಈ ವಾರ ಪುಟ ತಲುಪಿದ್ದು 6,870 ಖಾತೆಗಳನ್ನು. ಹಿಂದಿನ ವಾರ 5,940 ಇತ್ತು, ಅಂದರೆ ಶೇ. 15.7 ಏರಿಕೆ. ತಲುಪಿದವರಲ್ಲಿ ಶೇ. 68 ಮಂದಿ ಫಾಲೋವರ್‌ಗಳಲ್ಲ, ಹೊಸಬರು. ಕೆಳಗಿನ ಪಟ್ಟಿಯ ರೀಚ್ ಕೂಡಿಸಿದರೆ 10,420 ಬರುತ್ತದೆ. ಅದನ್ನು ವಾರದ ರೀಚ್ ಎಂದು ಎಲ್ಲೂ ಬಳಸಬೇಡಿ. ಮೂರು ಪೋಸ್ಟ್ ನೋಡಿದ ಒಬ್ಬರೇ ಅಲ್ಲಿ ಮೂರು ಸಲ ಲೆಕ್ಕಕ್ಕೆ ಬರುತ್ತಾರೆ, 6,870ರಲ್ಲಿ ಒಂದೇ ಸಲ.

| ಪೋಸ್ಟ್ | ಹಾಕಿದ್ದು | ರೀಚ್ | ಲೈಕ್ | ಸೇವ್ |
|---|---|---|---|---|
| ಮಣ್ಣಿನ ಮಿಶ್ರಣ, ರೀಲ್ | ಸೋಮ ಸಂಜೆ 7:30 | 4,310 | 286 | 141 |
| ಹೊಸ ಚಿಗುರು, ಒಂದೇ ಫೋಟೊ | ಮಂಗಳ ಮಧ್ಯಾಹ್ನ 1:00 | 1,120 | 74 | 9 |
| ಎಲೆ ಹಳದಿಯಾಗುವುದೇಕೆ, 6 ಚಿತ್ರಗಳ ಸರಣಿ | ಗುರು ಸಂಜೆ 7:15 | 2,640 | 198 | 173 |
| ಕುಂಡಗಳ ಸಾಲು, ಒಂದೇ ಫೋಟೊ | ಶುಕ್ರ ಬೆಳಗ್ಗೆ 10:00 | 890 | 52 | 6 |
| ಬೇರು ಬಿಡಿಸಿ ಕುಂಡ ಬದಲಿಸುವುದು, ರೀಲ್ | ಭಾನು ರಾತ್ರಿ 9:00 | 1,460 | 88 | 31 |

ಲೈಕ್

ಐದು ಪೋಸ್ಟ್‌ಗಳಿಗೆ ಒಟ್ಟು 698. ಖಾತೆಯ ಒಟ್ಟು ಲೆಕ್ಕದ ಪರದೆ 712 ತೋರಿಸುತ್ತದೆ. ಹೆಚ್ಚಿನ 14 ಹಳೆಯ ಪೋಸ್ಟ್‌ಗಳಿಗೆ ಈ ವಾರ ಬಿದ್ದವು, ಆದ್ದರಿಂದ ಇಲ್ಲಿ ಸೇರಿಸಿಲ್ಲ. ಹಿಂದಿನ ವಾರದ ಪೋಸ್ಟ್‌ಗಳಿಗೆ ಸಿಕ್ಕಿದ್ದು 611.

ಲೈಕ್ ಹೆಚ್ಚಿದ್ದು ನಿಜ, ಆದರೆ ಜನ ಮೊದಲಿಗಿಂತ ಹೆಚ್ಚು ಮೆಚ್ಚಿದರು ಎನ್ನಲಾಗದು. ಪೋಸ್ಟ್ ರೀಚಿನ ಪ್ರತಿ 100ಕ್ಕೆ ಹಿಂದಿನ ವಾರ 6.6 ಲೈಕ್ ಇತ್ತು, ಈ ವಾರ 6.7. ಹೆಚ್ಚು ಜನ ನೋಡಿದರು, ಅಷ್ಟೇ ಪ್ರಮಾಣದಲ್ಲಿ ಲೈಕ್ ಬಂತು. ಈ ವಾರದ ನಿಜವಾದ ಸುದ್ದಿ ಹಳದಿ ಎಲೆಯ ಸರಣಿ. ರೀಚಿನಲ್ಲಿ ಅದು ಎರಡನೆಯದು. ಆದರೆ ಪ್ರತಿ 100ಕ್ಕೆ 7.5 ಲೈಕ್, 6.6 ಸೇವ್. ಮಣ್ಣಿನ ರೀಲ್‌ಗೆ ಸೇವ್ 3.3 ಮಾತ್ರ. ಗಿಡ ಬಾಡಿದಾಗ ಮತ್ತೆ ತೆರೆದು ನೋಡಲೆಂದು ಜನ ಇಟ್ಟುಕೊಳ್ಳುವ ಪೋಸ್ಟ್ ಇದು, ಇಂಥವನ್ನು ಬಿಡಬಾರದು.

ಭಾನುವಾರದ ರೀಲನ್ನು ಸೋತಿತೆಂದು ಬರೆಯುವ ಹೊತ್ತಲ್ಲ. ಚಿತ್ರ ತೆಗೆದಾಗ ಅದಕ್ಕೆ 11 ಗಂಟೆ ವಯಸ್ಸು, ಸೋಮವಾರದ ರೀಲ್‌ಗೆ ಆರು ದಿನ ದಾಟಿತ್ತು. ಮಂಗಳವಾರ ರಾತ್ರಿ 9ಕ್ಕೆ, 48 ಗಂಟೆ ತುಂಬಿದಾಗ, ಅದರ ಸಂಖ್ಯೆ ಮತ್ತೆ ತೆಗೆಯುತ್ತೇವೆ.

ಪೋಸ್ಟ್ ಹಾಕುವ ಹೊತ್ತು

ಸದ್ಯಕ್ಕೆ ಸಂಜೆ 7ರಿಂದ 7:30. ಇದು ತಾತ್ಕಾಲಿಕ ತೀರ್ಮಾನ. Most active times ನಕ್ಷೆಯಲ್ಲಿ ಗುರುವಾರದ ಅತಿ ಎತ್ತರದ ಕಂಬಗಳು ಸಂಜೆ 6 ಮತ್ತು ರಾತ್ರಿ 9ರವು. ಆದರೆ ಕಂಬಗಳಿರುವುದು ಮೂರು ಗಂಟೆಗೊಂದರಂತೆ, ಹಾಗಾಗಿ 7 ಮೇಲೋ 8 ಮೇಲೋ ಎಂದು ಅದು ಹೇಳುವುದಿಲ್ಲ. ಫಾಲೋವರ್‌ಗಳು ಆ್ಯಪ್‌ನಲ್ಲಿ ಯಾವಾಗ ಇರುತ್ತಾರೆ ಎಂಬುದಷ್ಟೇ ಅದರಲ್ಲಿದೆ. ನಮ್ಮನ್ನು ನೋಡಿದ ಶೇ. 68 ಹೊಸಬರು ಆ ಲೆಕ್ಕದಲ್ಲಿಲ್ಲ. ಸ್ಕ್ರೀನ್‌ಶಾಟಿನಲ್ಲಿ ಇರುವುದೂ ಗುರುವಾರ ಒಂದೇ. ಉಳಿದ ಆರು ದಿನ ಒಂದೊಂದಾಗಿ ಒತ್ತಿ, ಮುಂದಿನ ಸೋಮವಾರ ಏಳೂ ಚಿತ್ರ ಬೇಕು.

ಇದಕ್ಕಿಂತ ದೊಡ್ಡ ತೊಡಕು ಪಟ್ಟಿಯಲ್ಲೇ ಇದೆ. ಸಂಜೆ ಹಾಕಿದ್ದು ರೀಲ್ ಮತ್ತು ಸರಣಿ, ಹಗಲಲ್ಲಿ ಹಾಕಿದ್ದು ಬರೀ ಒಂಟಿ ಫೋಟೊ. ಗೆದ್ದದ್ದು ಸಂಜೆಯೋ ಪೋಸ್ಟಿನ ಬಗೆಯೋ ಎಂದು ಈ ಸಂಖ್ಯೆಗಳಿಂದ ಬೇರ್ಪಡಿಸಲಾಗದು.

ಜೂನ್ 9ರಿಂದ 15

ಅದಲುಬದಲು ಮಾಡಿ ನೋಡೋಣ. ನೀರು ಹೆಚ್ಚಾದ ಗಿಡದ ಲಕ್ಷಣಗಳ ಸರಣಿ ಬುಧವಾರ ಬೆಳಗ್ಗೆ 10ಕ್ಕೆ, ಒಂಟಿ ಫೋಟೊ ಗುರುವಾರ ಸಂಜೆ 7:15ಕ್ಕೆ. ಎರಡಕ್ಕೂ 48ನೇ ಗಂಟೆಯ ರೀಚ್, ಲೈಕ್, ಸೇವ್ ಬರೆದಿಡಬೇಕು. ಬೆಳಗಿನ ಸರಣಿ 2,000 ದಾಟಿದರೆ ಸಂಜೆಯ ಪಟ್ಟು ಬಿಡೋಣ. ಫೋಟೊ ಸಂಜೆಯಲ್ಲೂ 1,100ರ ಆಸುಪಾಸಿನಲ್ಲೇ ನಿಂತರೆ, ಒಂಟಿ ಫೋಟೊಗಳನ್ನು ವಾರಕ್ಕೆ ಒಂದಕ್ಕೆ ಇಳಿಸಿ ಆ ಸಮಯವನ್ನು ಸರಣಿಗೆ ಕೊಡೋಣ.