ಹೊಸ ಸಭಾ ಹಿರಿಯರ ತರಬೇತಿ: ಸೇವೆ, ಗುಟ್ಟು, ದೂರು

ಕೋಲಾರದ ನಮ್ಮ ಸಭೆಯಲ್ಲಿ ಈ ವರ್ಷ ಆರಿಸಲ್ಪಟ್ಟ ಹಿರಿಯರಿಗಾಗಿ. ಶನಿವಾರ ಮಧ್ಯಾಹ್ನದ ತರಗತಿ. ಬರುವ ಮುಂಚೆ ಮಾರ್ಕ 10:35–45, ಯೋಹಾನ 13:1–17, ಅಪೊಸ್ತಲರ ಕೃತ್ಯಗಳು 6:1–7, ಮತ್ತಾಯ 18:15–17 ಓದಿಕೊಂಡು ಬನ್ನಿ.

ಸೇವೆ

ಹಿರಿಯರಾದ ಮೇಲೆ ಮುಂದಿನ ಬೆಂಚು ಸಿಗುತ್ತದೆ, ಮದುವೆಯಲ್ಲಿ ಮೊದಲ ಪಂಕ್ತಿ ಸಿಗುತ್ತದೆ. ಯಾಕೋಬ, ಯೋಹಾನ ಕೇಳಿದ್ದೂ ಇಂಥದ್ದನ್ನೇ ಅಲ್ವಾ? ಎಡಬಲದ ಜಾಗ. ದೊಡ್ಡವನಾಗಬೇಕಾದವನು ಆಳಾಗಲಿ ಎಂದು ಯೇಸು ಹೇಳಿದ್ದು ಆಗಲೇ.

ಕುರ್ಚಿ ಹಾಕುವುದು, ಊಟ ಬಡಿಸುವುದು ಎಲ್ಲರೂ ಮಾಡುತ್ತಾರೆ. ಕಷ್ಟ ಇರುವುದು ಬೇರೆ ಕಡೆ. ಟೊಮೆಟೊಗೆ ಒಳ್ಳೆ ರೇಟು ಬಂದ ವರ್ಷ ದೊಡ್ಡ ಕಾಣಿಕೆ ಕೊಟ್ಟವರ ಮಾತಿಗೂ, ಕೂಲಿಗೆ ಹೋಗುವ ವಿಧವೆಯ ಮಾತಿಗೂ ಕಮಿಟಿಯಲ್ಲಿ ಒಂದೇ ತೂಕ ಇರಬೇಕು. ಮನೆ ಭೇಟಿಯನ್ನು ನಿಮ್ಮ ಬಿಡುವು ನೋಡಿ ಇಟ್ಟುಕೊಳ್ಳಬೇಡಿ. ಡೇರಿಗೆ ಹಾಲು ಹಾಕುವ ಹೊತ್ತು, ಮಂಡಿಗೆ ಬಾಕ್ಸ್ ತುಂಬುವ ಹೊತ್ತು ಬಿಟ್ಟು, ಅವರಿಗೆ ಯಾವಾಗ ಆಗುತ್ತದೆ ಎಂದು ಕೇಳಿ ಹೋಗಿ. ಯೇಸು ಕಾಲು ತೊಳೆದಾಗ ಯೂದನೂ ಅಲ್ಲೇ ಇದ್ದ. ನಿಮ್ಮನ್ನು ಕಂಡರಾಗದವರ ಮನೆಯನ್ನೂ ಭೇಟಿ ಪಟ್ಟಿಯಿಂದ ಬಿಡುವ ಹಾಗಿಲ್ಲ.

ಗುಟ್ಟು

ನಮ್ಮ ಸಭೆಗಳಲ್ಲಿ ಗುಟ್ಟು ಜಾಸ್ತಿ ಒಡೆಯುವುದು ಪ್ರಾರ್ಥನೆಯ ಹೆಸರಿನಲ್ಲೇ. 'ಆ ಮನೆಯ ಅಕ್ಕನ ಸಂಸಾರಕ್ಕಾಗಿ ಪ್ರಾರ್ಥಿಸಿ, ಗಂಡ ಮತ್ತೆ ಕುಡಿಯುತ್ತಿದ್ದಾನೆ' ಎಂದು ಯಾರೋ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಹಾಕಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಭಾನುವಾರ ಆ ಅಕ್ಕ ಗುಡಿಗೆ ಬರುವುದಿಲ್ಲ. ಒಬ್ಬರು ನಂಬಿ ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಪ್ರಾರ್ಥನಾ ವಿಷಯ ಮಾಡಬೇಡಿ. ಹೆಸರು ಬಿಟ್ಟು ಹೇಳಿದರೂ ಊರಿಗೆ ಗೊತ್ತಾಗುತ್ತದೆ. ನಿಮ್ಮ ಹೆಂಡತಿಗೋ ಗಂಡನಿಗೋ ಸಹ ಹೇಳುವಂತಿಲ್ಲ. ಯಾರಾದರೂ ಕೆದಕಿದರೆ 'ಅದು ನಾನು ಹೇಳೋ ವಿಷಯ ಅಲ್ಲ' ಎಂದರೆ ಸಾಕು. 'ಅಂಥದ್ದೇನಿಲ್ಲ' ಎಂದು ಸುಳ್ಳು ಹೇಳಬೇಕಿಲ್ಲ.

ಹಾಗಂತ 'ಯಾರಿಗೂ ಹೇಳಲ್ಲ' ಎಂದು ಮೊದಲೇ ಮಾತು ಕೊಡಬೇಡಿ. ಹೀಗೆ ಹೇಳಿ: 'ಅಕ್ಕ, ನೀವು ಹೇಳಿದ್ದು ನನ್ನ ಹತ್ರವೇ ಇರುತ್ತೆ. ಆದರೆ ಮಗುವಿಗೋ ಯಾರ ಜೀವಕ್ಕೋ ಅಪಾಯ ಇದ್ದರೆ ನಾನು ಸುಮ್ನೆ ಇರೋಕಾಗಲ್ಲ. ಹೇಳಬೇಕಾದವರಿಗೆ ಹೇಳಬೇಕಾಗುತ್ತೆ.' ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ, ನಡೆಯಬಹುದು ಎಂಬ ಭಯ ಇದ್ದರೂ, ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಹೇಳುವುದು ಇದನ್ನೇ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಮೊದಲು ಕಮಿಟಿ ಸೇರಿಸೋಣ, ನಾವೇ ವಿಚಾರಣೆ ಮಾಡೋಣ, ಸಭೆಯ ಮಾನ ಉಳಿಸೋಣ ಎಂಬ ಮಾತು ಇಲ್ಲಿ ಬೇಡವೇ ಬೇಡ. ಮಗುವನ್ನು ಮುಚ್ಚಿಟ್ಟು ಉಳಿಸಿಕೊಳ್ಳುವ ಮಾನ ಸಭೆಗೆ ಬೇಕಿಲ್ಲ.

ದೂರು

ಯೆರೂಸಲೇಮಿನಲ್ಲಿ ಗ್ರೀಕ್ ಮಾತಾಡುವವರು ಗೊಣಗಿದರು: ದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಬಿಡುತ್ತಿದ್ದಾರೆ. ಅಪೊಸ್ತಲರು ಅವರ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ನೀವೇ ಆರಿಸಿ ಎಂದರು. ಸ್ತೆಫನ, ಫಿಲಿಪ್ಪ, ತಿಮೋನ ಸೇರಿ ಆ ಏಳೂ ಗ್ರೀಕ್ ಹೆಸರುಗಳೇ. ನೊಂದವರ ಕಡೆಯವರ ಕೈಗೇ ಕೆಲಸ ಹೋಯಿತು. ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಬಂದ ತೆಲುಗು ಮನೆಯವರು, ಕೆಜಿಎಫ್‌ನಿಂದ ಬಂದ ತಮಿಳು ಮನೆಯವರು ನಮ್ಮಲ್ಲೂ ಇದ್ದಾರೆ. ಅವರು ಗೊಣಗಿದಾಗ ಈ ಅಧ್ಯಾಯ ನೆನಪಿರಲಿ.

ದೂರು ಹೇಳುವವರಿಗೆ ಕೂರಲು ಜಾಗ ಕೊಡಿ, ಮಧ್ಯೆ ಬಾಯಿ ಹಾಕಬೇಡಿ. ಮಾತು ಮುಗಿಯುವ ಮುಂಚೆ 'ಕ್ಷಮಿಸಿಬಿಡಿ' ಅನ್ನಬೇಡಿ. ತಾರೀಕು ಹಾಕಿ ಅವರದೇ ಮಾತಿನಲ್ಲಿ ಬರೆದು, ಓದಿ ಹೇಳಿ, ಬೀರುವಿನಲ್ಲಿ ಬೀಗ ಹಾಕಿಡಿ. ಯಾವಾಗ ಉತ್ತರ ಕೊಡುತ್ತೀರೆಂದು ಹೇಳಿ, ಆ ದಿನ ಕೊಡಿ. ಆಮೇಲೆ ಇನ್ನೊಂದು ಕಡೆಯವರನ್ನೂ ಅಷ್ಟೇ ತಾಳ್ಮೆಯಿಂದ ಕೇಳಿ. ದೂರು ನಿಮ್ಮ ನೆಂಟರ ಮೇಲಿದ್ದರೆ ನೀವು ಹೊರಗೆ ಕೂತುಕೊಳ್ಳಿ.

ಇಬ್ಬರ ನಡುವಿನ ಸಣ್ಣ ಮನಸ್ತಾಪಕ್ಕೆ ಮತ್ತಾಯ 18ರ ದಾರಿ ಸರಿ: ಮೊದಲು ಇಬ್ಬರೇ, ಆಮೇಲೆ ಒಂದಿಬ್ಬರು ಜೊತೆಗೆ. ಆದರೆ ಹೊಡೆತ ತಿಂದವರನ್ನು ಹೊಡೆದವರ ಮನೆಗೆ ಒಬ್ಬರೇ ಕಳಿಸಲು ಆ ಮಾತನ್ನು ಬಳಸಬೇಡಿ. ಹಿರಿಯರ ಮೇಲಿನ ದೂರಿಗೆ ಎರಡು ಮೂರು ಸಾಕ್ಷಿ ಬೇಕೆಂದು 1 ತಿಮೊಥೆಯ 5:19ರಲ್ಲಿದೆ. ಅದು ತೀರ್ಪಿನ ಅಳತೆ. ಒಬ್ಬರೇ ಬಂದರೆ ಕೇಳಿಸಿಕೊಳ್ಳಬೇಡಿ ಎಂದು ಅಲ್ಲಿಲ್ಲ. ಮುಂದಿನ ವಚನವನ್ನೂ ಓದಿ: ತಪ್ಪು ಬಿಡದ ಹಿರಿಯನನ್ನು ಎಲ್ಲರೆದುರು ಗದರಿಸಬೇಕು.

ಅಭ್ಯಾಸ

ಮೂವರು ಮೂವರಾಗಿ ಕೂತುಕೊಳ್ಳಿ. ಒಬ್ಬರು ದೂರು ತಂದವರು, ಒಬ್ಬರು ಹಿರಿಯರು, ಇನ್ನೊಬ್ಬರು ನೋಡುವವರು. ಸಂಗತಿ ಇದು: ಆರಾಧನೆ ಮುಗಿದ ಮೇಲೆ ಒಬ್ಬ ಹುಡುಗ ಬಂದು, 'ಅಣ್ಣ, ಕಾಣಿಕೆ ಪೆಟ್ಟಿಗೆಯನ್ನು ಖಜಾಂಚಿ ಅಂಕಲ್ ಒಬ್ಬರೇ ಎಣಿಸುತ್ತಿದ್ದರು, ಸ್ವಲ್ಪ ಜೇಬಿಗೆ ಹಾಕಿಕೊಂಡ ಹಾಗಿತ್ತು' ಅನ್ನುತ್ತಾನೆ. ಖಜಾಂಚಿ ನಿಮ್ಮ ಭಾವ. ಹತ್ತು ನಿಮಿಷ ಮಾತಾಡಿ, ಆಮೇಲೆ ಪಾತ್ರ ಬದಲಿಸಿ. ನೋಡುವವರು ಮೂರು ಗಮನಿಸಿ: ಹುಡುಗನನ್ನು ಗದರಿದರೇ, ಇಲ್ಲದ ಭರವಸೆ ಕೊಟ್ಟರೇ, ಖಜಾಂಚಿ ತನ್ನ ಭಾವ ಎಂದು ಬಾಯಿಬಿಟ್ಟು ಹೇಳಿದರೇ? ಇದಾದ ಮೇಲೆ ಸಭಾಪಾಲಕರು ಎಣಿಕೆಯ ರಿಜಿಸ್ಟರ್ ತೋರಿಸುತ್ತಾರೆ. ಪ್ರತಿ ಭಾನುವಾರ ಬೇರೆ ಬೇರೆ ಮನೆಯ ಇಬ್ಬರು ಎಣಿಸಿ, ಇಬ್ಬರೂ ಸಹಿ ಹಾಕಬೇಕು. ನಿಮ್ಮ ಸರದಿಯ ಭಾನುವಾರಗಳನ್ನು ಇವತ್ತೇ ಬರೆದುಕೊಂಡು ಹೋಗಿ.