ವಿಷಯ: ಜೇನುನೊಣದ ಪುಸ್ತಕ – 12 ಮತ್ತು 14ನೇ ಪುಟದ ಚಿತ್ರಗಳ ಬಗ್ಗೆ ಮತ್ತೊಮ್ಮೆ

ನಮಸ್ಕಾರ ಮೇಡಂ,

ಹೇಗಿದ್ದೀರಿ? ಕಳೆದ ಸೋಮವಾರ, 9ನೇ ತಾರೀಖು, ಮಕ್ಕಳ ಜೇನುನೊಣದ ಪುಸ್ತಕದ ಕರಡು ಚಿತ್ರಗಳನ್ನು ನಿಮಗೆ ಮೇಲ್ ಮಾಡಿದ್ದೆ. ಅದು ನಿಮಗೆ ತಲುಪಿದೆಯೋ ಇಲ್ಲವೋ ಅನ್ನೋ ಅನುಮಾನ ಬಂತು, ಅದಕ್ಕೇ ಬರೆಯುತ್ತಿದ್ದೇನೆ. ಆ ಪಿಡಿಎಫ್ 22 ಎಂಬಿ ಇತ್ತು. ಮೇಲ್‌ನಲ್ಲಿ ಹೋಗುವಾಗ ಫೈಲ್‌ನ ಗಾತ್ರ ಸುಮಾರು ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗುತ್ತದೆ. ಹಾಗಾಗಿ ಅದು ದಾರಿಯಲ್ಲೇ ನಿಂತಿರಬಹುದು, ಇಲ್ಲವೇ ಸ್ಪ್ಯಾಮ್‌ಗೆ ಹೋಗಿರಬಹುದು. ಇವತ್ತು ಬೇಕಾದ ಎರಡೇ ಪುಟಗಳನ್ನು 2 ಎಂಬಿಗೆ ಇಳಿಸಿ ಇದರ ಜೊತೆ ಕಳಿಸಿದ್ದೇನೆ. ಹಳೆಯ ಮೇಲ್ ಹುಡುಕುವುದು ಬೇಡ.

12ನೇ ಪುಟದ್ದು ಸಣ್ಣ ವಿಷಯ. ಜೇನುನೊಣಕ್ಕೆ ಐದು ಕಣ್ಣು. ಎರಡು ದೊಡ್ಡವು, ನೆತ್ತಿಯ ಮೇಲೆ ಮೂರು ಪುಟಾಣಿ ಕಣ್ಣು. ಆ ಮೂರನ್ನೂ ಬಿಡಿಸಿದ್ದೇನೆ. ಬರಹದಲ್ಲಿ ಅವುಗಳ ಮಾತು ಬಂದಿಲ್ಲ. ಚಿತ್ರದ ಕೆಳಗೆ ಒಂದು ಸಾಲು ಸೇರಿಸಬಹುದಾ?

14ನೇ ಪುಟದ ವಿಷಯದಲ್ಲಿ ಮಾತ್ರ ನಿಮ್ಮ ತೀರ್ಮಾನ ಬೇಕು. ಅಲ್ಲಿ ನೊಣ ಕುಣಿದು ಹೂವಿನ ದಿಕ್ಕು ಹೇಳುತ್ತದೆ. ಗೂಡಿನೊಳಗೆ ಕತ್ತಲು, ಎರಿ ನೇರವಾಗಿ ತೂಗಾಡುತ್ತಿರುತ್ತದೆ. ನೊಣ ನೇರ ಮೇಲಕ್ಕೆ ಓಡಿದರೆ ಸೂರ್ಯನ ಕಡೆ ಹಾರಿ ಅಂತ ಅರ್ಥ. ಬಲಕ್ಕೆ 40 ಡಿಗ್ರಿ ವಾಲಿದರೆ, ಸೂರ್ಯನಿಂದ ಬಲಕ್ಕೆ ಅಷ್ಟೇ ತಿರುಗಿ ಹಾರಬೇಕು. ಈಗಿನ ವಿನ್ಯಾಸದಲ್ಲಿ ಎರಿ 14ನೇ ಪುಟದಲ್ಲಿದೆ, ಸೂರ್ಯ ಮತ್ತು ಹೂವು ಪುಟ ತಿರುಗಿಸಿದ ಮೇಲೆ ಬರುತ್ತವೆ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಮಗುವಿಗೆ ಆ ಎರಡು ಕೋನ ಒಂದೇ ಅಂತ ಹೊಳೆಯುತ್ತದೆ, ಅಲ್ವಾ? ಈ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದೇ. ಅದಕ್ಕೇ ಎರಡನ್ನೂ ಒಂದೇ ಪುಟಕ್ಕೆ ತಂದು ಇನ್ನೊಂದು ಕರಡು ಮಾಡಿದ್ದೇನೆ. ಆದರೆ ಬರಹದಲ್ಲಿ ಎರಡು ಸಾಲು ಕಡಿಮೆ ಮಾಡಬೇಕಾಗುತ್ತದೆ. ಅದು ಆಗುತ್ತಾ ಅಂತ ನೀವೇ ಹೇಳಬೇಕು.

"ಒಂದೇ ಪುಟ" ಅಥವಾ "ಹಾಗೇ ಇರಲಿ" ಅಂತ ಎರಡು ಪದ ಬರೆದರೂ ನನಗೆ ಸಾಕು. ಫೋನಲ್ಲಿ ಹೇಳುವುದು ಸುಲಭ ಅನ್ನಿಸಿದರೆ ಸಂಜೆ ಐದರ ನಂತರ ಯಾವಾಗ ಬೇಕಾದರೂ ಕರೆ ಮಾಡಿ.

ಸದ್ಯ ಕೆಲಸ ಏನೂ ನಿಂತಿಲ್ಲ. ಈ ವಾರ 16ರಿಂದ 20ನೇ ಪುಟದವರೆಗೆ ಬಣ್ಣ ಹಾಕುತ್ತಿದ್ದೇನೆ. 20ನೇ ತಾರೀಖು ಶುಕ್ರವಾರದೊಳಗೆ ತಿಳಿದರೆ ಶನಿವಾರವೇ 14ನೇ ಪುಟ ಕೈಗೆತ್ತಿಕೊಳ್ಳುತ್ತೇನೆ. ಆ ವೇಳೆಗೆ ನಿಮಗೆ ಬಿಡುವಾಗದಿದ್ದರೆ, ಯಾವಾಗ ಆಗಬಹುದು ಅಂತ ಒಂದು ಮಾತು ತಿಳಿಸಿ, ಅದಕ್ಕೆ ತಕ್ಕಂತೆ ಉಳಿದ ಪುಟಗಳನ್ನು ಮುಂದಕ್ಕೆ ತೆಗೆದುಕೊಳ್ಳುತ್ತೇನೆ.

ವಂದನೆಗಳೊಂದಿಗೆ,
ಜೇನುನೊಣದ ಪುಸ್ತಕದ ಚಿತ್ರಕಾರ

ಲಗತ್ತು: 12ನೇ ಪುಟ, 14ನೇ ಪುಟದ ಎರಡು ಕರಡುಗಳು