ತೇಪೆ

ಬೆಳಗಿನ ಜಾವ ಮೂರಕ್ಕೆ ಸಿಸ್ಟರ್ ಎಬ್ಬಿಸಿದರು. "ಇದೇ ಕೊನೆ ಸಲ, ಹಾಲು ಕುಡಿಸಿಬಿಡಮ್ಮ." ಆಪರೇಷನ್‌ಗೆ ನಾಲ್ಕು ಗಂಟೆ ಮುಂಚೆ ಎದೆಹಾಲನ್ನೂ ನಿಲ್ಲಿಸಬೇಕಂತೆ.

ಸವಿತಾ ಮಧುಗಿರಿಯಿಂದ ಬೆಂಗಳೂರಿಗೆ ಬಂದು ಮೂರು ದಿನವಾಗಿತ್ತು. ಏಳು ತಿಂಗಳ ಮಗು, ತೂಕ ಐದೇ ಕಿಲೋ. ನಾಲ್ಕು ಗುಟುಕು ಕುಡಿದರೆ ಸುಸ್ತು, ಹಣೆ ತುಂಬಾ ಬೆವರು. ಊರಲ್ಲಿ ಎಲ್ಲರೂ ದೃಷ್ಟಿ ಅಂದರು. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಎಕೋ ಮಾಡಿಸಿದ ಮೇಲೆ ಗೊತ್ತಾಯಿತು: ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು.

"ತೇಪೆ ಹಾಕ್ತೀವಮ್ಮ," ಅಂದಿದ್ದರು ಡಾಕ್ಟರು.

ತೇಪೆ. ಹೊಲಿಗೆ ಮಾಡಿ ಬದುಕುವವಳಿಗೆ ಆ ಮಾತು ಅರ್ಥವಾಯಿತು. ಆದರೂ ಕೇಳಿದಳು. "ಅಷ್ಟು ಚಿಕ್ಕದು ಅಲ್ವಾ ಸಾರ್, ಹೃದಯ?"

"ಅವನ ಮುಷ್ಟಿಯಷ್ಟಿರುತ್ತೆ."

ಅಂದಿನಿಂದ ಆ ಮುಷ್ಟಿಯನ್ನೇ ನೋಡುತ್ತಿದ್ದಾಳೆ.

ಏಳಕ್ಕೆ ಮಗುವನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಹತ್ತರ ಹೊತ್ತಿಗೆ ಹಾಲು ತುಂಬಿ ಎದೆ ನೋಯತೊಡಗಿತು, ರವಿಕೆ ಒದ್ದೆಯಾಯಿತು. ಅತ್ತೆ ಏನೂ ಹೇಳಲಿಲ್ಲ. ಸುಮ್ನೆ ತಮ್ಮ ಶಾಲು ತೆಗೆದು ಅವಳಿಗೆ ಹೊದಿಸಿದರು.

ಹನ್ನೆರಡೂವರೆಗೆ ಬಾಗಿಲು ತೆರೆಯಿತು. ಇಬ್ಬರೂ ಒಟ್ಟಿಗೆ ಎದ್ದು ನಿಂತರು.